ಮುಡಿ ಕೊಟ್ಟ ಫೋಟೊ ಹಾಕಿ, ಮನೆಗೆ ಬೀಗ ಹಾಕಿದ ಸುದ್ದಿ ಹಾಕಬೇಡಿ: ಪ್ರವಾಸದ ಸಂತೋಷ ಹಂಚಿಕೊಳ್ಳೋದು ಹೇಗೆ?

ಮಂಡಿಕಲ್: ಮೊಮ್ಮಗುವಿಗೆ ತಿರುಪತಿಯಲ್ಲಿ ಮೊದಲ ಮುಡಿ ಕೊಡೋದು, ಅಪ್ಪ ಅಮ್ಮನನ್ನು ಮೊದಲ ಸಲ ವಿಮಾನ ಹತ್ತಿಸಿ ಕಾಶಿಗೆ ಕರ್ಕೊಂಡು ಹೋಗೋದು, ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತು ಅಂತ ಮಕ್ಕಳ ಜೊತೆ ಧರ್ಮಸ್ಥಳಕ್ಕೆ ಹೋಗೋದು. ಇವೆಲ್ಲ ಒಂದು ಮನೆಯಲ್ಲಿ ಪದೇ ಪದೇ ಬರುವ ದಿನಗಳಲ್ಲ. ಆ ಸಂತೋಷವನ್ನು ನಾಲ್ಕು ಜನರಿಗೆ ತೋರಿಸಬೇಕು ಅನ್ನಿಸುವುದು ಸಹಜ. ತೋರಿಸುವುದರಲ್ಲಿ ತಪ್ಪೇನೂ ಇಲ್ಲ.

ಆದರೆ ಆ ಫೋಟೊ ಜೊತೆಗೆ ನಾವು ಹೇಳಬೇಕು ಅಂದುಕೊಳ್ಳದ ಎರಡು ಸುದ್ದಿಗಳೂ ಹೋಗಿಬಿಡುತ್ತವೆ. ಒಂದು, ನಾವು ಈ ಕ್ಷಣ ಎಲ್ಲಿದ್ದೇವೆ ಅನ್ನೋದು. ಇನ್ನೊಂದು, ನಮ್ಮ ಮನೆ ಎಷ್ಟು ದಿನ ಖಾಲಿ ಇರುತ್ತೆ ಅನ್ನೋದು. ಇವೆರಡೂ ಬೇರೆ ಬೇರೆ. ಒಂದನ್ನು ಮುಚ್ಚಿಡುವ ಉಪಾಯದಿಂದ ಇನ್ನೊಂದು ಮುಚ್ಚಲ್ಲ. ಬಹಳ ಜನ ಎಡವೋದು ಇಲ್ಲೇ.

ಏಳು ಸ್ಟೇಟಸ್, ಒಂದು ಪೂರ್ತಿ ವೇಳಾಪಟ್ಟಿ

ನಮ್ಮ ಹೋಬಳಿಯ ಒಂದು ಕುಟುಂಬ ಅಂತ ಇಟ್ಟುಕೊಳ್ಳೋಣ. ಊರಲ್ಲೇ ದಿನಸಿ ಅಂಗಡಿ. ಮನೆಯಲ್ಲಿ ಯಜಮಾನರು, ಅವರ ಹೆಂಡತಿ, ಮಗ, ಸೊಸೆ, ಒಂದು ವರ್ಷದ ಮಗು. ಮಗುವಿಗೆ ತಿರುಮಲದಲ್ಲಿ ಮುಡಿ ಕೊಡುವ ಹರಕೆ. ಶುಕ್ರವಾರ ಬೆಳಗ್ಗೆ ಹೊರಟು ಸೋಮವಾರ ರಾತ್ರಿ ವಾಪಸ್. ಮಗ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದು ಹೀಗೆ.

ಗುರುವಾರ ಸಂಜೆ ಬ್ಯಾಗುಗಳ ಫೋಟೊ: "ನಾಳೆ ಬೆಳಗ್ಗೆ ಎಲ್ಲರೂ ತಿರುಪತಿಗೆ." ಶುಕ್ರವಾರ ಬೆಳಗಿನ ಜಾವ ಮನೆ ಮುಂದೆ ಕಾರು, ಹಿಂದೆ ಬೀಗ ಹಾಕಿದ ಗೇಟು. ಆಮೇಲೆ ಚಿಂತಾಮಣಿಯಲ್ಲಿ ಇಡ್ಲಿ ತಿನ್ನುತ್ತಿರುವ ಫೋಟೊ. ಮದನಪಲ್ಲಿ ದಾಟುವಾಗ ಒಂದು ವಿಡಿಯೊ. ಮಧ್ಯಾಹ್ನ ಅಲಿಪಿರಿ ಹತ್ತಿರ ಒಂದು ಸೆಲ್ಫಿ. ಶನಿವಾರ ಮಗುವಿನ ಬೋಳು ತಲೆಗೆ ಗಂಧ ಹಚ್ಚಿದ ಫೋಟೊ. ಭಾನುವಾರ: "ಇವತ್ತು ಕಾಣಿಪಾಕ, ನಾಳೆ ರಾತ್ರಿ ಊರಿಗೆ."

ಒಂದೊಂದೇ ನೋಡಿದರೆ ಏನೂ ಇಲ್ಲ. ಒಟ್ಟಿಗೆ ಓದಿದರೆ ಕಾಣುವುದು ಇದು: ಮನೆಯಲ್ಲಿ ಯಾರೂ ಇಲ್ಲ, ಗೇಟಿನ ಬೀಗ ಇಂಥದ್ದು, ಗಾಡಿ ಮನೆ ಹತ್ತಿರ ಇಲ್ಲ, ಅಂಗಡಿಯೂ ಮುಚ್ಚಿದೆ, ಸೋಮವಾರ ರಾತ್ರಿವರೆಗೆ ಯಾರೂ ಬರಲ್ಲ. ಮದನಪಲ್ಲಿ ದಾಟಿದ ಮೇಲೆ ಯಾರೋ ಫೋನ್ ಮಾಡಿದರೂ ಎರಡು ಗಂಟೆಯಲ್ಲಿ ಮನೆ ಸೇರೋದು ಕಷ್ಟ ಅನ್ನುವುದೂ ಗೊತ್ತಾಗುತ್ತೆ. ಈ ಏಳರಲ್ಲಿ ನಿಜವಾಗಿ ಹೇಳಬೇಕಾಗಿದ್ದ ಸುದ್ದಿ ಒಂದೇ. ಮಗುವಿಗೆ ಮುಡಿ ಆಯ್ತು ಅನ್ನೋದು. ಮಿಕ್ಕ ಆರು ಮನೆಯ ವೇಳಾಪಟ್ಟಿ.

ಸ್ಟೇಟಸ್ ನೋಡೋರು ಯಾರು?

"ನಮ್ಮ ಕಾಂಟ್ಯಾಕ್ಟ್‌ನಲ್ಲಿ ಇರೋರೆಲ್ಲ ನಮ್ಮವರೇ ಅಲ್ವಾ" ಅನ್ನುವ ಮಾತು ಬರುತ್ತೆ. ವಾಟ್ಸಾಪ್ ಸ್ಟೇಟಸ್ ಕಾಣುವುದು ನೀವು ನಂಬರ್ ಸೇವ್ ಮಾಡಿಕೊಂಡಿರುವ, ಅವರೂ ನಿಮ್ಮ ನಂಬರ್ ಸೇವ್ ಮಾಡಿಕೊಂಡಿರುವ ಜನರಿಗೆ. ಅಂಗಡಿ ಇಟ್ಟವರ ಫೋನಿನಲ್ಲಿ ಅದು ಯಾರು ಯಾರು ಅಂತ ಒಮ್ಮೆ ಲೆಕ್ಕ ಹಾಕಿ. ಸಾಲದ ಗಿರಾಕಿಗಳು, ಲೋಡಿಂಗ್ ಆಟೋದವರು, ಎರಡು ವರ್ಷದ ಹಿಂದೆ ಮನೆಗೆ ಬಣ್ಣ ಬಳಿದವರು, ಬೋರ್‌ವೆಲ್ ಮೋಟರ್ ಎತ್ತಲು ಬಂದವರು, ಕೆಲಸ ಬಿಟ್ಟು ಹೋದ ಹುಡುಗ, ಒಂದೇ ಸಲ ಹಸು ನೋಡಲು ಬಂದ ದಲ್ಲಾಳಿ. ಇವರಲ್ಲಿ ಯಾರೂ ಕೆಟ್ಟವರಲ್ಲದೇ ಇರಬಹುದು. ಆದರೆ ಅವರ ಫೋನು ಯಾರ ಕೈಯಲ್ಲಿ ಓಡಾಡುತ್ತೆ, ಅವರು ಯಾರ ಮುಂದೆ "ಅವರೆಲ್ಲ ತಿರುಪತಿಗೆ ಹೋಗಿದ್ದಾರೆ" ಅಂತ ಮಾತಿಗೆ ಹೇಳ್ತಾರೆ ಅನ್ನೋದು ನಮ್ಮ ಕೈಯಲ್ಲಿ ಇಲ್ಲ.

ಇಲ್ಲಿ ಇನ್ನೊಂದು ಪ್ರಶ್ನೆ ಬರುತ್ತೆ. ಹಳ್ಳಿಯಲ್ಲಿ ನಾವು ಊರು ಬಿಟ್ಟರೆ ಹೇಗಿದ್ದರೂ ಬೀದಿಗೆಲ್ಲ ಗೊತ್ತಾಗುತ್ತಲ್ಲ, ಮುಚ್ಚಿಟ್ಟು ಏನು ಪ್ರಯೋಜನ? ನಿಜ. ಬೆಳಗ್ಗೆ ಡೇರಿಗೆ ಹಾಲು ಬರಲಿಲ್ಲ, ಬಾಗಿಲಲ್ಲಿ ರಂಗೋಲಿ ಇಲ್ಲ ಅಂದರೆ ಅರ್ಧ ಗಂಟೆಯಲ್ಲಿ ಸುದ್ದಿ ಆಗುತ್ತೆ. ಆದರೆ ಬೀದಿಯವರಿಗೆ ಗೊತ್ತಿರುವುದು ರಕ್ಷಣೆ. ಅವರು ಮನೆ ಕಡೆ ಕಣ್ಣು ಹಾಯಿಸ್ತಾರೆ, ಹೊಸ ಮುಖ ಕಂಡರೆ ಯಾರಪ್ಪಾ ನೀನು ಅಂತ ಕೇಳ್ತಾರೆ. ದೂರದಲ್ಲಿ ಕೂತು ಸ್ಟೇಟಸ್ ನೋಡುವ ನಾಲ್ಕು ನೂರು ಜನ ಮನೆ ಕಾಯಲ್ಲ, ಅವರಿಗೆ ಬರೀ ವಿಷಯ ಗೊತ್ತಿರುತ್ತೆ. ಬೀದಿಗೆ ಗೊತ್ತಿರಲಿ, ಸ್ಟೇಟಸ್‌ಗೆ ಬೇಡ.

ಇದು ಹೊಸ ವಿಷಯವಲ್ಲ

ಇಂಥ ಪೋಸ್ಟುಗಳಿಂದ ಖಾಲಿ ಮನೆ ಪತ್ತೆ ಮಾಡುವುದು ಎಷ್ಟು ಸುಲಭ ಅಂತ 2010ರಲ್ಲೇ ನೆದರ್ಲೆಂಡ್ಸ್‌ನ ಮೂವರು ಯುವಕರು ತೋರಿಸಿದ್ದರು. ಆಗ ಜನ ಫೋರ್‌ಸ್ಕ್ವೇರ್ ಅನ್ನುವ ಆ್ಯಪ್‌ನಲ್ಲಿ "ನಾನು ಇಂಥ ಹೋಟೆಲ್‌ನಲ್ಲಿದ್ದೇನೆ" ಅಂತ ಗುರುತು ಹಾಕಿ, ಅದನ್ನು ಟ್ವಿಟರ್‌ನಲ್ಲಿ ಎಲ್ಲರಿಗೂ ಕಾಣುವಂತೆ ಬಿಡುತ್ತಿದ್ದರು. ಈ ಮೂವರು ಅದನ್ನೆಲ್ಲ ಒಂದೇ ಪುಟದಲ್ಲಿ ಪಟ್ಟಿ ಮಾಡಿ Please Rob Me ಅಂತ ಹೆಸರಿಟ್ಟರು. ನಮ್ಮನ್ನು ದೋಚಿ ಅಂತ ಅರ್ಥ. ಕಳ್ಳರಿಗೆ ನೆರವಾಗುವುದು ಅವರ ಉದ್ದೇಶ ಆಗಿರಲಿಲ್ಲ, ಎಚ್ಚರಿಸುವುದು ಆಗಿತ್ತು. ಅವರು ಯಾರ ಖಾತೆಗೂ ಕನ್ನ ಹಾಕಲಿಲ್ಲ. ಜನ ತಾವೇ ಹಾಕಿದ್ದನ್ನು ಒಟ್ಟು ಸೇರಿಸಿದರು, ಅಷ್ಟೇ.

2016ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಅಮೆರಿಕದ ಟಿವಿ ತಾರೆ ಕಿಮ್ ಕಾರ್ಡಾಶಿಯನ್ ತಂಗಿದ್ದ ಕೋಣೆಗೆ ನುಗ್ಗಿ ಒಡವೆ ದೋಚಿದರು. ಅವರು ಒಡವೆಯ ಫೋಟೊಗಳನ್ನೂ ತಾವು ಎಲ್ಲಿದ್ದೇವೆ ಅನ್ನುವುದನ್ನೂ ಆಗಿಂದಾಗಲೇ ಹಾಕುತ್ತಿದ್ದರು. ಬೇಕಾದ ಮಾಹಿತಿ ಇಂಟರ್‌ನೆಟ್‌ನಲ್ಲೇ ಸಿಕ್ಕಿತು ಅಂತ ದರೋಡೆಕೋರರೇ ಹೇಳಿಕೊಂಡರು. ಅದು ಖಾಲಿ ಮನೆಯ ಕಳವು ಅಲ್ಲ. ಎಲ್ಲಿದ್ದೇವೆ ಅನ್ನುವ ಮೊದಲನೇ ಸುದ್ದಿಯಿಂದ ಆದ ಅನಾಹುತ. ಅದಾದ ಮೇಲೆ ಅವರು ಜಾಗ ಬಿಟ್ಟ ನಂತರವೇ ಫೋಟೊ ಹಾಕುವುದನ್ನು ರೂಢಿ ಮಾಡಿಕೊಂಡರು.

ಜಾಗ ಬಿಟ್ಟ ಮೇಲೆ ಹಾಕಿದರೆ ಸಾಕಾ?

ಇಲ್ಲೇ ಆ ಎರಡು ಸುದ್ದಿಗಳ ವ್ಯತ್ಯಾಸ ಕೆಲಸಕ್ಕೆ ಬರುವುದು.

ಅಲಿಪಿರಿಯ ಸೆಲ್ಫಿಯನ್ನು ಅಲ್ಲಿಂದ ಹೊರಟು ನಾಲ್ಕು ಗಂಟೆ ಆದ ಮೇಲೆ ಹಾಕಿದರೆ, ನೀವು ಈಗ ಎಲ್ಲಿದ್ದೀರಿ ಅಂತ ಗೊತ್ತಾಗಲ್ಲ. ಹೆಣ್ಣುಮಕ್ಕಳು, ಚಿಕ್ಕ ಮಕ್ಕಳು ಜೊತೆಯಲ್ಲಿದ್ದಾಗ ಇದು ಒಳ್ಳೆಯ ಅಭ್ಯಾಸ. ಆದರೆ ಮನೆ ವಿಷಯದಲ್ಲಿ ಏನೂ ಬದಲಾಗಲಿಲ್ಲ. ನಾಲ್ಕು ಗಂಟೆ ಹಿಂದೆ ತಿರುಪತಿಯಲ್ಲಿದ್ದವರು ಈಗ ಮಂಡಿಕಲ್‌ನಲ್ಲಿ ಇರಲ್ಲ ಅಂತ ಯಾರಿಗಾದರೂ ಅಂದಾಜಾಗುತ್ತೆ. ಜಾಗದ ಗುಟ್ಟು ಕಾಯೋಕೆ ಕೆಲವು ಗಂಟೆ ತಡ ಮಾಡಿದರೆ ಸಾಕು. ಖಾಲಿ ಮನೆಯ ಗುಟ್ಟು ಕಾಯೋಕೆ ವಾಪಸ್ ಬಂದು ಬೀಗ ತೆಗೆಯುವ ತನಕ ತಡ ಮಾಡಬೇಕು.

ಮನೆಯಲ್ಲಿ ಯಾರಾದರೂ ಇದ್ದರೆ ಲೆಕ್ಕ ಬೇರೆ. ಮಗ ಸೊಸೆ ಪ್ರವಾಸ ಹೋಗಿ, ಅಣ್ಣನ ಕುಟುಂಬ ಅದೇ ಮನೆಯಲ್ಲಿದ್ದರೆ ಮನೆ ಖಾಲಿ ಅಲ್ಲ. ಆಗ ಜಾಗ ಬಿಟ್ಟ ಮೇಲೆ ಫೋಟೊ ಹಾಕಿದರೆ ನಡೆಯುತ್ತೆ. ಆದರೆ ಮನೆಯಲ್ಲಿ ವಯಸ್ಸಾದ ಅಜ್ಜಿ ಒಬ್ಬರೇ ಇದ್ದರೆ ಅದು ಖಾಲಿ ಮನೆಗಿಂತ ಸೂಕ್ಷ್ಮ. "ನಿಮ್ಮ ಮಗ ತಿರುಪತಿಯಿಂದ ಫೋನ್ ಮಾಡಿದ್ದ, ಗ್ಯಾಸ್ ಸ್ಟವ್ ರಿಪೇರಿ ಮಾಡೋಕೆ ಹೇಳಿದ" ಅಂತ ಯಾರೋ ಬಾಗಿಲಿಗೆ ಬಂದರೆ, ಮಗ ತಿರುಪತಿಯಲ್ಲಿರುವುದು ನಿಜವಾದ್ದರಿಂದ ಅಜ್ಜಿ ನಂಬಿಬಿಡಬಹುದು. ಹಾಗಾಗಿ ಹಿರಿಯರೊಬ್ಬರೇ ಮನೆಯಲ್ಲಿ ಉಳಿದಿದ್ದಾರೆ ಅಂದರೆ ವಾಪಸ್ ಬಂದ ಮೇಲೆಯೇ ಹಾಕಿ. ಹೊರಡುವ ಮುಂಚೆ ಅಜ್ಜಿಗೆ ಒಂದು ಮಾತು ಹೇಳಿ: "ನಾವು ಯಾರನ್ನೂ ಕಳಿಸಲ್ಲ. ಕಳಿಸಿದರೆ ಮೊದಲು ನಾವೇ ಫೋನ್ ಮಾಡ್ತೀವಿ."

ಅದೇ ಪ್ರವಾಸ, ಇನ್ನೊಂದು ರೀತಿ

ಅದೇ ದಿನಸಿ ಅಂಗಡಿ ಕುಟುಂಬ, ಅದೇ ನಾಲ್ಕು ದಿನ. ಈ ಸಲ ಹೇಗೆ ಮಾಡಬಹುದಿತ್ತು ನೋಡೋಣ.

ಗುರುವಾರ ಸ್ಟೇಟಸ್ ಇಲ್ಲ. ದರ್ಶನದ ಟಿಕೆಟ್ ಫೋಟೊ ಕೂಡ ಇಲ್ಲ. ಆ ಟಿಕೆಟ್‌ನಲ್ಲಿ ಹೆಸರು, ತಾರೀಕು, ಸಮಯ ಎಲ್ಲ ಇರುತ್ತೆ. ರೈಲು, ವಿಮಾನದ ಟಿಕೆಟ್ ಆದರೆ ಬುಕಿಂಗ್ ನಂಬರ್ ಕೂಡ. ಖುಷಿಗೆ ಟಿಕೆಟ್ ಫೋಟೊ ಹಾಕುವವರು ಬರೋ ತಾರೀಕನ್ನೂ ಹೋಗೋ ತಾರೀಕನ್ನೂ ತಾವೇ ಅಚ್ಚು ಹಾಕಿ ಕೊಟ್ಟ ಹಾಗೆ.

ಶುಕ್ರವಾರದಿಂದ ಭಾನುವಾರದವರೆಗೆ ಫೋಟೊ ತೆಗೆಯೋದಕ್ಕೆ ಲೆಕ್ಕ ಇಲ್ಲ, ಎಷ್ಟು ಬೇಕೋ ಅಷ್ಟು ತೆಗೆಯಲಿ. ಹಾಕುವುದು ಮಾತ್ರ ಇಲ್ಲ. ಶನಿವಾರ ಮುಡಿ ಆದ ತಕ್ಷಣ ಹೇಳಲೇಬೇಕು ಅನ್ನಿಸುವ ಜನ ಇರ್ತಾರೆ. ಮಗುವಿನ ಸೋದರಮಾವ, ದೊಡ್ಡಮ್ಮ, ಬೆಂಗಳೂರಿನ ಅತ್ತೆ. ಅವರಿಗೆ ಫೋನ್ ಮಾಡಲಿ, ವಿಡಿಯೊ ಕಾಲ್‌ನಲ್ಲಿ ಮಗುವಿನ ಬೋಳು ತಲೆ ತೋರಿಸಲಿ. ಹತ್ತು ಜನಕ್ಕೆ ಕಾಲ್ ಮಾಡಿದರೆ ಮುಕ್ಕಾಲು ಗಂಟೆ ಹಿಡಿಯಬಹುದು. ಸ್ಟೇಟಸ್‌ಗೆ ಬರುವ ಕೈಮುಗಿದ ಚಿತ್ರಕ್ಕಿಂತ ಆ ಹತ್ತು ಜನರ ಆಶೀರ್ವಾದ ಕಿವಿಯಾರೆ ಕೇಳಬಹುದು.

ಸೋಮವಾರ ರಾತ್ರಿ ಮನೆ ಸೇರಿ, ಮಂಗಳವಾರ ಬೆಳಗ್ಗೆ ಅಂಗಡಿ ಬಾಗಿಲು ತೆಗೆದ ಮೇಲೆ ಸ್ಟೇಟಸ್: "ನಮ್ಮ ಪುಟ್ಟನಿಗೆ ತಿರುಮಲದಲ್ಲಿ ಮುಡಿ ಕೊಟ್ಟು ಬಂದೆವು. ಪ್ರಸಾದ ಅಂಗಡಿಯಲ್ಲಿದೆ, ಬನ್ನಿ." ಇಲ್ಲಿ ಕೆಲಸ ಮಾಡಿರುವುದು "ಬಂದೆವು" ಅನ್ನುವ ಒಂದು ಪದ. "ಹೋಗ್ತಿದ್ದೀವಿ", "ಇದ್ದೀವಿ" ಅನ್ನುವುದರಲ್ಲಿ ಬೀಗ ಕಾಣುತ್ತೆ. "ಬಂದೆವು" ಅನ್ನುವುದರಲ್ಲಿ ಮನೆಯಲ್ಲಿ ಜನ ಕಾಣ್ತಾರೆ. ಸಂತೋಷ ಎರಡರಲ್ಲೂ ಅಷ್ಟೇ ಇದೆ.

ನಾಲ್ಕು ದಿನ ತಡೆಯೋಕಾಗಲ್ಲ ಅನ್ನುವವರಿಗೆ ಮಧ್ಯದ ದಾರಿ ಒಂದಿದೆ. ವಾಟ್ಸಾಪ್‌ನಲ್ಲಿ Settings, ಅದರೊಳಗೆ Privacy, ಅದರೊಳಗೆ Status ಒತ್ತಿದರೆ ಮೂರು ಆಯ್ಕೆ ಬರುತ್ತೆ. My contacts ಅಂದರೆ ಸೇವ್ ಆದ ಎಲ್ಲರಿಗೂ. My contacts except... ಅಂದರೆ ನೀವು ಗುರುತು ಮಾಡಿದವರನ್ನು ಬಿಟ್ಟು ಉಳಿದವರಿಗೆ. Only share with... ಅಂದರೆ ನೀವು ಆರಿಸಿದವರಿಗೆ ಮಾತ್ರ. ಪ್ರವಾಸಕ್ಕೆ ಮೂರನೆಯದೇ ಸರಿ. ನೂರಾರು ಹೆಸರಲ್ಲಿ ಯಾರನ್ನು ಬಿಡಬೇಕು ಅಂತ ಹುಡುಕುವುದಕ್ಕಿಂತ ಹದಿನೈದು ಜನರನ್ನು ಆರಿಸುವುದು ಸುಲಭ, ಮರೆತು ಬಿಟ್ಟುಹೋಗುವ ಭಯವೂ ಇಲ್ಲ. ಆದರೆ ಇದನ್ನು ಸ್ಟೇಟಸ್ ಹಾಕುವ ಮುಂಚೆ ಬದಲಿಸಬೇಕು. ಈಗಾಗಲೇ ಹಾಕಿದ ಸ್ಟೇಟಸ್‌ಗೆ ಹೊಸ ಆಯ್ಕೆ ಅನ್ವಯ ಆಗಲ್ಲ. ಆ ಹದಿನೈದು ಜನರಲ್ಲಿ ಒಬ್ಬರು ಸ್ಕ್ರೀನ್‌ಶಾಟ್ ತೆಗೆದು ಮುಂದಕ್ಕೆ ಕಳಿಸಿದರೆ ವಾಟ್ಸಾಪ್ ತಡೆಯಲ್ಲ ಅನ್ನುವುದೂ ನೆನಪಿರಲಿ.

ಲೈವ್ ಲೊಕೇಶನ್ ಬೇಕು, ಆದರೆ ಒಬ್ಬರಿಗೆ

ಲೈವ್ ಲೊಕೇಶನ್ ಕೆಟ್ಟದ್ದಲ್ಲ. ರಾತ್ರಿ ಬಸ್ಸಿನಲ್ಲಿ ಮಗಳು ಒಬ್ಬಳೇ ಬರುತ್ತಿದ್ದರೆ, ಘಾಟಿ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದರೆ ಮನೆಯವರಲ್ಲಿ ಒಬ್ಬರಿಗೆ ದಾರಿ ಗೊತ್ತಿರಬೇಕು. ಅದನ್ನು ಎಲ್ಲಿ ಕಳಿಸುತ್ತೇವೆ ಅನ್ನುವುದೇ ಪ್ರಶ್ನೆ.

ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್‌ಗೆ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಮೂರು ಅವಧಿ ಇವೆ. ಅವಧಿ ಮುಗಿದರೆ ತಾನೇ ನಿಲ್ಲುತ್ತೆ. ಐವತ್ತು ಜನರ ಕುಟುಂಬದ ಗ್ರೂಪ್‌ಗೆ ಕಳಿಸಿದರೆ ಐವತ್ತೂ ಜನ ನಿಮ್ಮ ಗಾಡಿ ಚಲಿಸುವುದನ್ನು ನೋಡ್ತಾರೆ. ಹಾಗಾಗಿ ಗ್ರೂಪ್‌ಗೆ ಬೇಡ. ಅಣ್ಣ, ತಮ್ಮ, ಭಾವ, ಯಾರಾದರೂ ಒಬ್ಬರ ಚಾಟ್‌ಗೆ ಮಾತ್ರ ಕಳಿಸಿ, "ಊರು ಸೇರಿದ ಮೇಲೆ ಹೇಳ್ತೀನಿ, ಎಲ್ಲಾದರೂ ತುಂಬಾ ಹೊತ್ತು ನಿಂತಿದೆ ಅನ್ನಿಸಿದರೆ ಫೋನ್ ಮಾಡು" ಅನ್ನಿ. ಆಗ ಅದು ಪ್ರದರ್ಶನ ಆಗಲ್ಲ, ಕಾವಲು ಆಗುತ್ತೆ.

ಎಲ್ಲಾದರೂ ಮರೆತು ಓಡುತ್ತಿದೆಯಾ ಅಂತ ನೋಡಬೇಕಾದರೆ Settings, Privacy ಒಳಗೆ Live location ಅಂತಿದೆ. ಯಾವ ಯಾವ ಚಾಟ್‌ಗೆ ಹೋಗುತ್ತಿದೆ ಅಂತ ಅಲ್ಲೇ ಕಾಣುತ್ತೆ, ಅಲ್ಲೇ ನಿಲ್ಲಿಸಬಹುದು. ಅದರ ಪಕ್ಕದಲ್ಲೇ ಇರುವ ಬರೀ ಲೊಕೇಶನ್ ಕಳಿಸುವ ಆಯ್ಕೆ ಬೇರೆ. ಅದು ಚಲಿಸಲ್ಲ, ಆದರೆ ಅವಧಿ ಮುಗಿದು ನಿಲ್ಲುವುದೂ ಇಲ್ಲ. ನೀವು ಅಳಿಸುವ ತನಕ ಚಾಟ್‌ನಲ್ಲಿ ಹಾಗೇ ಇರುತ್ತೆ. ಲಾಡ್ಜ್‌ನ ಲೊಕೇಶನ್ ಗ್ರೂಪ್‌ಗೆ ಹಾಕಿದರೆ ರಾತ್ರಿ ಎಲ್ಲಿ ಮಲಗಿದ್ದೀರಿ ಅಂತ ಬರೆದಿಟ್ಟ ಹಾಗೆ.

ಇನ್ನೆರಡು ಕಡೆ ನೋಡಿಕೊಳ್ಳಿ. ಗೂಗಲ್ ಮ್ಯಾಪ್ಸ್‌ನಲ್ಲಿ ಮೇಲಿನ ನಿಮ್ಮ ಫೋಟೊ ಒತ್ತಿದರೆ Location sharing ಅಂತ ಬರುತ್ತೆ. ಅಲ್ಲಿ ನಾವೇ ನಿಲ್ಲಿಸುವ ತನಕ ಓಡುವ ಆಯ್ಕೆಯೂ ಇದೆ. ಯಾವತ್ತೋ ಯಾರಿಗೋ ದಾರಿ ತೋರಿಸಲು ಕೊಟ್ಟಿದ್ದು ಇವತ್ತಿಗೂ ಓಡುತ್ತಿರಬಹುದು. ಕಾಲೇಜಿಗೆ ಹೋಗುವ ಮಕ್ಕಳ ಫೋನಿನಲ್ಲಿ ಸ್ನ್ಯಾಪ್‌ಚಾಟ್ ಇದ್ದರೆ ಅದರ ಮ್ಯಾಪ್‌ನಲ್ಲಿ ಅವರ ಬೊಂಬೆ ನಿಂತ ಜಾಗ ಗೆಳೆಯರಿಗೆ ಕಾಣುತ್ತಿರಬಹುದು. Ghost Mode ಒತ್ತಿದರೆ ಕಾಣಲ್ಲ. ಅಪ್ಪ ಅಮ್ಮ ಏನೂ ಹಾಕದಿದ್ದರೂ ಹಿಂದಿನ ಸೀಟಿನಲ್ಲಿ ಕೂತ ಮಗನ ಫೋನು ಎಲ್ಲ ಹೇಳುತ್ತಿರಬಹುದು.

ನಾವು ಹಾಕದಿದ್ದರೂ ಬೇರೆಯವರು ಹಾಕಿದರೆ?

ಡಿಸೆಂಬರ್, ಜನವರಿ ಬಂತೆಂದರೆ ನಮ್ಮ ಕಡೆ ಊರೂರಿಂದ ಓಂ ಶಕ್ತಿ ಬಸ್ಸುಗಳು ಮೇಲ್‌ಮರುವತ್ತೂರಿಗೆ ಹೊರಡುತ್ತವೆ. ಕೆಂಪು ಸೀರೆ ಉಟ್ಟ ಹೆಣ್ಣುಮಕ್ಕಳು ಬಸ್ಸಿನ ಮುಂದೆ ಸಾಲಾಗಿ ನಿಂತ ಫೋಟೊ ಬಸ್ಸು ಹೊರಡುವ ಮುಂಚೆಯೇ ಹತ್ತು ಗ್ರೂಪ್ ಸುತ್ತಿರುತ್ತೆ. ಅದರಲ್ಲಿ ನಿಮ್ಮ ಮುಖ ಇದ್ದರೆ ನೀವು ಸುಮ್ಮನಿದ್ದೂ ಪ್ರಯೋಜನ ಇಲ್ಲ.

ಇದಕ್ಕೆ ಫೋನಿನಲ್ಲಿ ಬಟನ್ ಇಲ್ಲ, ಬಾಯಲ್ಲೇ ಹೇಳಬೇಕು. ಹೊರಡುವಾಗ ಗುಂಪಿನಲ್ಲಿ ಫೋಟೊ ತೆಗೆಯುವವರು ಒಬ್ಬಿಬ್ಬರೇ ಇರ್ತಾರೆ. ಅವರಿಗೆ ಹೇಳಿ: "ಅಕ್ಕಾ, ನಮ್ಮನೇಲಿ ಯಾರೂ ಇಲ್ಲ. ಫೋಟೊ ವಾಪಸ್ ಬಂದ ಮೇಲೆ ಹಾಕಿ." ಟ್ರಾವೆಲ್ಸ್‌ನವರು ಪ್ರಚಾರಕ್ಕೆ ಫೋಟೊ ಹಾಕ್ತಾರೆ, ಅವರಿಗೂ ಇದೇ ಮಾತು. ಫೇಸ್‌ಬುಕ್‌ನಲ್ಲಿ ಬೇರೆಯವರು ನಿಮ್ಮ ಹೆಸರು ಸೇರಿಸಿದ ಪೋಸ್ಟನ್ನು ನಿಮ್ಮ ಪುಟದಲ್ಲಿ ಕಾಣುವ ಮುಂಚೆ ನೀವು ನೋಡಿ ಒಪ್ಪುವ ಆಯ್ಕೆ ಇದೆ. ಆದರೆ ಅದು ನಿಮ್ಮ ಪುಟಕ್ಕೆ ಮಾತ್ರ, ಹಾಕಿದವರ ಪುಟದಲ್ಲಿ ಅದು ಇದ್ದೇ ಇರುತ್ತೆ. ಕೊನೆಗೆ ಉಳಿಯುವುದು ಹೇಳಿ ಕೇಳುವ ದಾರಿಯೇ.

ಫೋಟೊ ಒಳಗೇ ವಿಳಾಸ ಇದ್ದರೆ

ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಪ್ರತಿ ಫೋಟೊ ಒಳಗೆ ತೆಗೆದ ಜಾಗ, ಸಮಯ ಕಣ್ಣಿಗೆ ಕಾಣದ ಹಾಗೆ ಸೇರಿಕೊಂಡಿರುತ್ತೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಫೋಟೊ ಕಳಿಸಿದರೆ ಆ ಮಾಹಿತಿ ಉದುರಿಹೋಗುತ್ತೆ. ಆದರೆ "ಫೋಟೊ ಕ್ಲಿಯರ್ ಬರಲಿ" ಅಂತ Document ಆಗಿ ಕಳಿಸಿದರೆ ಮೂಲ ಫೈಲ್ ಹಾಗೇ ಹೋಗುತ್ತೆ, ಜಾಗವೂ ಅದರ ಜೊತೆ ಹೋಗುತ್ತೆ. ಮುಡಿ ಫೋಟೊ ಪ್ರಿಂಟ್ ಹಾಕಿಸಲು ಸ್ಟುಡಿಯೊಗೆ ಹೀಗೆ ಕಳಿಸುವುದು ಬೇರೆ. ಗೊತ್ತಿಲ್ಲದವರೂ ಇರುವ ದೊಡ್ಡ ಗ್ರೂಪ್‌ಗೆ ಹಾಗೆ ಹಾಕಬೇಡಿ. ಇಲ್ಲಿ ತಿರುಮಲದ ಜಾಗ ಗೊತ್ತಾದರೆ ಪರವಾಗಿಲ್ಲ. ಹೊರಡುವ ಮುಂಚೆ ಮನೆಯಲ್ಲಿ ತೆಗೆದ ಫೋಟೊದಲ್ಲಿ ಮನೆಯದೇ ಜಾಗ ಇರುತ್ತೆ, ತೊಂದರೆ ಅದು. ಕ್ಯಾಮೆರಾ ತೆರೆದು ಅದರ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಅಂತ ಇರುವುದನ್ನು ಆಫ್ ಮಾಡಿದರೆ ಅಲ್ಲಿಂದ ಮುಂದಿನ ಫೋಟೊಗಳಿಗೆ ಈ ಸಮಸ್ಯೆ ಇಲ್ಲ.

ಕಣ್ಣಿಗೆ ಕಾಣುವುದನ್ನೂ ನೋಡಿ. ಮನೆ ಬಾಗಿಲು, ಗಾಡಿ ನಂಬರ್, ಕೈಯಲ್ಲಿರುವ ಕೀ ಗೊಂಚಲು, ಹಿಂದೆ ತೆರೆದ ಬೀರು. ಇಂಥದ್ದು ಬಂದಿದ್ದರೆ ಕ್ರಾಪ್ ಮಾಡಿ ಹಾಕಿ.

ಅಂಗಡಿಯವರು ಶಟರ್ ಮೇಲೆ ಏನು ಬರೀಬೇಕು?

ಇದು ಫೋನಿಗಿಂತ ಹಳೆಯ ಅಭ್ಯಾಸ. "ಕುಟುಂಬ ಸಮೇತ ಯಾತ್ರೆಗೆ ಹೋಗಿರುವ ಕಾರಣ ನಾಲ್ಕು ದಿನ ಅಂಗಡಿ ರಜೆ" ಅಂತ ಶಟರ್ ಮೇಲೆ ಬೋರ್ಡು. ಗಿರಾಕಿಗಳು ಬಂದು ಬರಿಗೈಲಿ ಹೋಗಬಾರದು ಅನ್ನುವ ಒಳ್ಳೆಯ ಮನಸ್ಸಿನಿಂದಲೇ ಬರೆಯುವುದು. ಆದರೆ ಗಿರಾಕಿಗೆ ಬೇಕಾಗಿರುವುದು ಅಂಗಡಿ ಯಾವತ್ತು ತೆಗೆಯುತ್ತೆ ಅನ್ನುವುದಷ್ಟೇ. ಯಾಕೆ ಮುಚ್ಚಿದೆ, ಯಾರ್ಯಾರು ಹೋಗಿದ್ದಾರೆ ಅನ್ನುವುದು ಬೇಡ. "ಅಂಗಡಿ ಮಂಗಳವಾರ ತೆರೆದಿರುತ್ತದೆ. ತುರ್ತಿದ್ದರೆ ಫೋನ್ ಮಾಡಿ" ಅಂದರೆ ಸಾಕು. ಮನೆಯಲ್ಲಿ ಪೂಜೆ ಇರಬಹುದು, ಹುಷಾರಿಲ್ಲದಿರಬಹುದು, ಓದಿದವರಿಗೆ ಗೊತ್ತಾಗಲ್ಲ.

ವಾಟ್ಸಾಪ್ ಬಿಸಿನೆಸ್ ಇಟ್ಟುಕೊಂಡವರು ತಾವು ಸಿಗದಿದ್ದಾಗ ತಾನೇ ಹೋಗುವ ಸಂದೇಶವನ್ನು, ಅಂದರೆ Away message, ಹಾಕಿರ್ತಾರೆ. ಅದರಲ್ಲೂ ಇದೇ ನಿಯಮ. ಆ ಸಂದೇಶ ಯಾರಿಗೆ ಹೋಗಬೇಕು ಅಂತ ಅದರಲ್ಲೇ ಆರಿಸಬಹುದು. ಹಾಗೇ ಬಿಟ್ಟರೆ ನಿಮ್ಮ ಫೋನಿನಲ್ಲಿ ಇಲ್ಲದ ಅಪರಿಚಿತರಿಗೂ ಉತ್ತರ ಹೋಗಬಹುದು. ಅಂಗಡಿ ಕೆಳಗೆ, ಮನೆ ಮೇಲೆ ಇರುವವರಂತೂ ಇನ್ನಷ್ಟು ಹುಷಾರಾಗಿರಬೇಕು. ಅವರ ಅಂಗಡಿ ಬೋರ್ಡೇ ಮನೆಯ ಬೋರ್ಡೂ ಹೌದು.

ಮನೆ ಕಾಯೋದು ಫೋನಲ್ಲ

ಸ್ಟೇಟಸ್ ಹಾಕದೇ ಇದ್ದ ಮಾತ್ರಕ್ಕೆ ಮನೆ ಭದ್ರ ಅಂತ ಅಂದುಕೊಳ್ಳಬೇಡಿ. ಹೊರಗಿನಿಂದ ಕಾಣುವ ಬೀಗ, ಹಗಲೆಲ್ಲ ಉರಿಯುವ ಹೊರಗಿನ ಬಲ್ಬು, ಬಾಗಿಲಲ್ಲಿ ರಾಶಿ ಬಿದ್ದ ಪೇಪರ್, ಗುಡಿಸದ ಅಂಗಳ, ಇವೂ ಅದೇ ಸುದ್ದಿ ಹೇಳುತ್ತವೆ. ಪಕ್ಕದ ಮನೆಯವರಿಗೆ ಹೇಳಿ ಬೆಳಗ್ಗೆ ಅಂಗಳಕ್ಕೆ ನೀರು ಹಾಕಿಸಿ, ಸಂಜೆ ಲೈಟ್ ಹಾಕಿ ಬೆಳಗ್ಗೆ ಆರಿಸಲು ಹೇಳಿ, ಪೇಪರ್ ಬೇಡ ಅನ್ನಿ. ಒಡವೆ, ದುಡ್ಡು ಬೀರುವಿನಲ್ಲಿ ಬಿಟ್ಟು ಹೋಗದೆ ಬ್ಯಾಂಕ್ ಲಾಕರ್‌ನಲ್ಲಿಡಿ.

ನಿಮ್ಮ ವ್ಯಾಪ್ತಿಯ ಠಾಣೆಗೆ ಅಥವಾ ನಿಮ್ಮ ಊರಿನ ಬೀಟ್ ಪೊಲೀಸ್‌ಗೆ ಹೊರಡುವ ತಾರೀಕು, ಬರುವ ತಾರೀಕು, ಫೋನ್ ನಂಬರ್, ಪಕ್ಕದ ಮನೆಯವರ ನಂಬರ್ ಕೊಟ್ಟು ಹೋಗಿ. ಗಸ್ತಿನ ವೇಳೆ ಆ ಕಡೆ ಒಮ್ಮೆ ನೋಡಲು ಅವರಿಗೆ ಅನುಕೂಲ. ಪ್ರವಾಸದ ತಾರೀಕನ್ನು ಪೂರ್ತಿಯಾಗಿ ಹೇಳಬೇಕಾದ ಜಾಗ ಇದು, ಸ್ಟೇಟಸ್ ಅಲ್ಲ. ಗಡಿಯಾಚೆ ಆಂಧ್ರದಲ್ಲಿ ಪೊಲೀಸರು ಬೀಗ ಹಾಕಿದ ಮನೆಗಳಿಗೆಂದೇ LHMS ಅನ್ನುವ ಆ್ಯಪ್ ತಂದಿದ್ದರು. ಹೊರಡುವವರು ಅದರಲ್ಲಿ ಹೇಳಿಕೊಂಡರೆ ಪೊಲೀಸರು ಬಂದು ಮನೆಯೊಳಗೆ ಕ್ಯಾಮೆರಾ ಇಟ್ಟು ಹೋಗುವ ವ್ಯವಸ್ಥೆ ಅದು. ಖಾಲಿ ಮನೆ ಅನ್ನುವ ಅದೇ ಸುದ್ದಿ ಸರಿಯಾದ ಜಾಗಕ್ಕೆ ಹೋದರೆ ಕಾವಲಾಗುತ್ತೆ.

ಈಗಾಗಲೇ ಹಾಕಿಬಿಟ್ಟಿದ್ದೀರಾ?

ಇದನ್ನು ಬಸ್ಸಿನಲ್ಲಿ ಕೂತು ಓದುತ್ತಿದ್ದರೆ ಗಾಬರಿ ಬೇಡ. ವಾಟ್ಸಾಪ್ ಸ್ಟೇಟಸ್ 24 ಗಂಟೆಗೆ ತಾನೇ ಹೋಗುತ್ತೆ, ಅದಕ್ಕೂ ಮುಂಚೆ ನೀವೇ ಅಳಿಸಬಹುದು. ಅಳಿಸುವ ಮುಂಚೆ ಕೆಳಗಿನ ಕಣ್ಣಿನ ಗುರುತು ಒತ್ತಿ ಯಾರ್ಯಾರು ನೋಡಿದ್ದಾರೆ ಅಂತ ಒಮ್ಮೆ ನೋಡಿಕೊಳ್ಳಿ. ತಮ್ಮ ಫೋನಿನಲ್ಲಿ ರೀಡ್ ರಸೀದಿ ಆಫ್ ಮಾಡಿಕೊಂಡವರ ಹೆಸರು ಆ ಪಟ್ಟಿಯಲ್ಲಿ ಬರಲ್ಲ, ಹಾಗಾಗಿ ಪಟ್ಟಿ ಪೂರ್ತಿ ಅಂತ ನಂಬಬೇಡಿ. ಆಮೇಲೆ ಪಕ್ಕದ ಮನೆಯವರಿಗೆ ಫೋನ್ ಮಾಡಿ, "ಇವತ್ತು ರಾತ್ರಿ ನಮ್ಮನೆ ಜಗಲಿ ಮೇಲೆ ಯಾರಾದರೂ ಮಲಗಲಿ" ಅನ್ನಿ. ಅಳಿಸಿದ್ದಕ್ಕಿಂತ ಈ ಫೋನ್ ಕಾಲ್ ಹೆಚ್ಚು ಕೆಲಸ ಮಾಡುತ್ತೆ.

ವಾಪಸ್ ಬಂದಾಗ ಬೀಗ ಒಡೆದಿದೆ ಅನ್ನಿಸಿದರೆ ಒಳಗೆ ಹೋಗಬೇಡಿ, ಏನನ್ನೂ ಮುಟ್ಟಬೇಡಿ. ಹೊರಗೆ ನಿಂತು 112ಕ್ಕೆ ಕರೆ ಮಾಡಿ. ಬೆರಳಚ್ಚು ಉಳಿದಿರುವುದು ಬಾಗಿಲು, ಬೀರುವಿನ ಹಿಡಿಯಲ್ಲೇ.

ಎಲ್ಲ ಸರಿಯಾಗಿದ್ದರೆ ದೀಪ ಹಚ್ಚಿ, ಮಗುವನ್ನು ಮಲಗಿಸಿ, ಮೂರ್ನಾಲ್ಕು ಒಳ್ಳೆಯ ಫೋಟೊ ಆರಿಸಿ ಹಾಕಿ. ಬೆಳಗ್ಗೆ ಅಂಗಡಿಗೆ ಬಂದವರು ಲಾಡು ತಿನ್ನುತ್ತಾ "ಯಾವಾಗ ಹೋಗಿದ್ರಿ, ಗೊತ್ತೇ ಆಗಲಿಲ್ಲವಲ್ಲ" ಅಂದರೆ ಪ್ರವಾಸ ಚೆನ್ನಾಗಿ ಆಯ್ತು ಅಂತಲೇ ಲೆಕ್ಕ.